ಅಂಗಿಯ ಮೇಲಿನ ಹೆಸರು

ಆ ಹೆಸರನ್ನು ಟೈಪ್ ಮಾಡಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಕೂಗಾಡಿದ್ದನ್ನು ಓದಿ, ಈಕೆ ಭಾರೀ ನ್ಯಾಯವಂತೆ ಎಂದು ಯಾರೂ ಅಂದುಕೊಳ್ಳಬಾರದು.

ಗಂಗಾವತಿಯ ಒಂದು ಸಣ್ಣ ದಿನಪತ್ರಿಕೆಯಲ್ಲಿ ನಾನು ಉಪಸಂಪಾದಕಿ, ಹೆಸರು ದಾಕ್ಷಾಯಿಣಿ. ಪತ್ರಿಕೆಯ ಜಾಲತಾಣಕ್ಕೆ ಸುದ್ದಿ ಏರಿಸುವುದೂ ನನ್ನದೇ ಕೆಲಸ. ಅದು ಬೇಸಿಗೆ ಬೆಳೆಗೆ ಕಾಲುವೆ ನೀರು ಬಿಡುವ ಸಮಯ. ಸರದಿ ತಪ್ಪಿಸಿ ಯಾರಾದರೂ ಮೇಲ್ಭಾಗದಲ್ಲಿ ಗೇಟು ಎತ್ತಿದರೆ ಕೊನೆಭಾಗದ ಭತ್ತ ಒಣಗುತ್ತದೆ. ಆ ದಿನಗಳಲ್ಲಿ ನಮ್ಮ ಕಡೆ ನೀರುಗಳ್ಳ ಅನ್ನಿಸಿಕೊಳ್ಳುವುದಕ್ಕಿಂತ ಮನೆಗಳ್ಳ ಅನ್ನಿಸಿಕೊಳ್ಳುವುದೇ ಮೇಲು.

ಮಧ್ಯಾಹ್ನ ನಾಲ್ಕಕ್ಕೆ ಕಾರಟಗಿಯ ನಮ್ಮ ವರದಿಗಾರ ಪಂಪಾಪತಿ ಒಂದು ಫೋಟೋ ಕಳಿಸಿದ. ಕಾಲುವೆ ಕಾಯುವ ಗ್ಯಾಂಗ್‌ಮನ್ ಒಬ್ಬ ಗೇಟಿನ ಚಕ್ರ ತಿರುಗಿಸುತ್ತಿದ್ದಾನೆ. ತಲೆಗೆ ಸುತ್ತಿದ ಟವೆಲ್ಲು ಅರ್ಧ ಮುಖ ಮುಚ್ಚಿದೆ. ಖಾಕಿ ಅಂಗಿಯ ಎದೆಯ ಮೇಲೆ ‘ಯಮನೂರಪ್ಪ’ ಎಂದು ದಪ್ಪಕ್ಷರದ ಅಚ್ಚು. ಕೊರಳಲ್ಲಿ ಗುರುತಿನ ಚೀಟಿ, ಅದರಲ್ಲೂ ಅದೇ ಹೆಸರು. ‘ನಿನ್ನೆ ಸರದಿ ಮುರಿದು ಗೇಟು ಎತ್ತಿದ ನೀರುಗಳ್ಳ’ ಎಂದು ಪಂಪಾಪತಿ ಬರೆದಿದ್ದ.

ಎರಡು ಕಡೆ ಹೆಸರಿದೆಯಲ್ಲ, ಇನ್ನೇನು ಬೇಕು ಎಂದುಕೊಂಡೆ. ಹತ್ತು ನಿಮಿಷದಲ್ಲಿ ಫೋಟೋ, ಹೆಸರು, ‘ನೀರುಗಳ್ಳ’ ಎಂಬ ತಲೆಬರಹ ಎಲ್ಲ ಜಾಲತಾಣಕ್ಕೆ ಹೋಯಿತು. ಸಂಪಾದಕ ಅಮರಪ್ಪನವರು ಬೆನ್ನು ತಟ್ಟಿ, ನಾಳೆಯ ಮುಖಪುಟಕ್ಕೂ ಇದೇ ಇರಲಿ ಎಂದರು.

ಆರೂವರೆಗೆ ಗಂಡ ಹೆಂಡತಿ ಕಚೇರಿಗೆ ಬಂದರು. ಹೆಂಗಸು ಬಾಗಿಲಲ್ಲೇ ಕೂಗಿದಳು.

“ಯಮನೂರಪ್ಪನ ಹೆಂಡ್ತಿ ಮಾರೆಮ್ಮ ಅದೀನ್ರಿ ನಾನು. ನನ್ನ ಗಂಡನ್ನ ಕಳ್ಳ ಅಂದಾರು ಯಾರು? ನಮ್ಮ ಮನಿ ಮುಂದ ಮೂವತ್ತು ಮಂದಿ ನಿಂತಾರ. ಹಿತ್ತಲ ಬಾಗಿಲಿಂದ ಕರ್ಕೊಂಡು ಬಂದೀನಿ.”

“ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ್ನಂತ,” ಎಂದು ಅಮರಪ್ಪನವರು ನಕ್ಕರು.

ಯಮನೂರಪ್ಪ ಮುಂದೆ ಬಂದ. ಬಲಗೈಯನ್ನು ನನ್ನ ಮೇಜಿನ ಮೇಲೆ ಇಟ್ಟ. ತೋರುಬೆರಳು, ನಡುಬೆರಳು ಬುಡಕ್ಕೇ ಇರಲಿಲ್ಲ.

“ಹೋದ ದೀಪಾವಳಿಗೆ ಗೇಟಿನ ಗೇರಿನ್ಯಾಗ ಸಿಕ್ಕು ಹೋದುವ್ರಿ,” ಎಂದ.

ನಾನು ಫೋಟೋ ತೆರೆದು ದೊಡ್ಡದು ಮಾಡಿದೆ. ಚಕ್ರ ಹಿಡಿದ ಬಲಗೈಯಲ್ಲಿ ಐದೂ ಬೆರಳು ಗಟ್ಟಿಯಾಗಿ ಕೂತಿದ್ದವು. ನಾಲ್ಕು ಗಂಟೆಗೆ ನನ್ನ ಕಣ್ಣು ಬರೀ ಅಕ್ಷರ ಓದಿತ್ತು, ಮನುಷ್ಯನನ್ನು ನೋಡಿರಲಿಲ್ಲ. 

“ಫೋಟೋ ಎಡಬಲ ತಿರುವಿದ್ದಿರಬೇಕು,” ಎಂದರು ಅಮರಪ್ಪನವರು.

“ತಿರುವಿದ್ರೆ ಹೆಸರಿನ ಅಕ್ಷರಗಳೂ ತಿರುಗಬೇಕಿತ್ತಲ್ಲ ಸರ್. ಅವು ನೆಟ್ಟಗಿವೆ.”

“ಹಂಗಾರ ಹಳೇ ಫೋಟೋ ಇರಬೇಕು. ಬೆರಳು ಹೋಗೂಕಿಂತ ಮುಂಚಿಂದು.”

“ಹಳೇದಾದರೆ ನಿನ್ನೆ ಗೇಟು ಎತ್ತಿದ ಅಂತ ಬರೆದದ್ದು ಸುಳ್ಳು. ನಿನ್ನೆಯದಾದರೆ ಇವನು ಅಂತ ಬರೆದದ್ದು ಸುಳ್ಳು. ಎರಡರಲ್ಲಿ ಯಾವುದು ಬೇಕು ನಿಮಗೆ?”

ಪಂಪಾಪತಿಗೆ ಫೋನ್ ಹಚ್ಚಿ, ಫೋಟೋ ಯಾರು ತೆಗೆದದ್ದು, ಯಾವಾಗ ತೆಗೆದದ್ದು ಎಂದು ಕೇಳಿದೆ. ನಾಲ್ಕು ಗಂಟೆಗೇ ಕೇಳಬೇಕಿದ್ದ ಪ್ರಶ್ನೆ.

“ರೈತರ ಗ್ರೂಪಿನ್ಯಾಗ ಬಂದಿತ್ರಿ ಮೇಡಂ. ಯಾರು ಹೊಡದ್ರೋ ಗೊತ್ತಿಲ್ಲ.”

“ಚೀಟಿ ಮೇಲಿನ ಹೆಸರು ಅಷ್ಟು ಸ್ಪಷ್ಟ ಹೆಂಗೆ ಬಂತು?”

“ಅದು ಮಸುಕಿತ್ರಿ. ಫೋನಿನ್ಯಾಗ ಒಂದು ಆ್ಯಪ್ ಐತಿ, ಅದರಾಗ ಹಾಕಿ ಕ್ಲಿಯರ್ ಮಾಡೀನಿ.”

ಮೂಲ ಫೋಟೋ ಕಳಿಸು ಎಂದೆ. ಅದರಲ್ಲಿ ಚೀಟಿ ಬರೀ ಬಿಳಿ ಮಚ್ಚೆ. ಒಂದಕ್ಷರ ಇಲ್ಲ, ಮುಖವೂ ಇಲ್ಲ. ಆ್ಯಪ್ ಅಂಗಿಯ ಮೇಲಿನ ಹೆಸರನ್ನೇ ನಕಲು ಮಾಡಿ, ತನಗೆ ತೋಚಿದಂತೆ ಅಲ್ಲಿ ಅಕ್ಷರ ಬರೆದಿತ್ತು. ಎರಡು ಸಾಕ್ಷಿ ಎಂದು ನಾನು ನಂಬಿದ್ದರಲ್ಲಿ ಒಂದು ಹುಟ್ಟಿದ್ದೇ ಆ ಮಧ್ಯಾಹ್ನ. ಫೋನನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು.

“ಅಂಗಿ ಮಾತ್ರ ನಿನ್ನದೇ ಅಲ್ಲೇನಪಾ?” ಅಮರಪ್ಪನವರು ಇನ್ನೂ ಬಿಡಲಿಲ್ಲ.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಮಾರೆಮ್ಮ ದನಿ ಇಳಿಸಿದಳು.

“ಅಂಗಿ ಇವರದ ಐತ್ರಿ. ಒಳಗಿನ ಮನಷ್ಯಾ ಇವರಲ್ಲ. ಬೆರಳು ಹೋದ ಮ್ಯಾಲ ಗುತ್ತಿಗೆದಾರನ ಮೇಸ್ತ್ರಿ ಮನಿಗೆ ಬಂದಿದ್ದ. ಗಾಯದ ಸುದ್ದಿ ಎಲ್ಲೂ ಎತ್ತಬ್ಯಾಡ್ರಿ, ಅಂಗಿ ಚೀಟಿ ನನ್ನ ಕಡೆ ಕೊಡ್ರಿ, ಬದಲಿ ಆಳು ಹಾಕ್ಕೊಂಡು ನಿಂದರ್ತಾನ, ಹಾಜರಿ ನಿಮ್ಮ ಹೆಸರಿನ್ಯಾಗ ನಡೀತೈತಿ, ಕೈ ವಾಸಿ ಆದ ಮ್ಯಾಲ ಬರ್ರಿ ಅಂದ. ಸಾಹೇಬ್ರು ತಪಾಸಣಿಗೆ ಬಂದ್ರ ನೋಡೋದು ಅಂಗಿನ್ನ, ಮಖ ಅಲ್ರಿ. ಎಷ್ಟ ಮಂದಿ ಹಾಕ್ಕೊಂಡಾರೋ ಆ ಅಂಗಿ, ನಮಗೂ ಗೊತ್ತಿಲ್ಲ.”

ಅಮರಪ್ಪನವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. “ಹಂಗಾರ ಇದು ಇನ್ನೂ ಛಲೋ ಸುದ್ದಿ! ಆ ಬದಲಿ ಆಳು ಯಾರು? ಹೆಸರು ಹೇಳು.”

“ಸರ್!” ನಾನು ಮೇಜು ಗುದ್ದಿದೆ. “ಗೊತ್ತಿಲ್ಲ ಅಂದಳಲ್ಲ. ಊಹೆಯಿಂದ ಒಬ್ಬನನ್ನ ಬೀದಿಗೆ ತಂದಾಯ್ತು, ಈಗ ಇನ್ನೊಬ್ಬ ಬೇಕಾ? ಗೇಟು ಎತ್ತು ಅಂತ ಹೇಳಿದ್ದು ಯಾರು, ನೀರು ಹೋಗಿದ್ದು ಯಾರ ಗದ್ದೆಗೆ ಅಂತ ನಾವು ಒಬ್ಬರಾದರೂ ಕೇಳಿದ್ದೀವಾ? ಅವರ ಅಂಗಿ ಮೇಲೆ ಹೆಸರು ಅಚ್ಚಾಗಿರೋದಿಲ್ಲ, ಅದಕ್ಕೇ ನಮಗೆ ಕಾಣೋದಿಲ್ಲ.”

ಅವರು ಮತ್ತೆ ಕುರ್ಚಿಗೆ ಒರಗಿದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹೊಸ ವರದಿಗಾರರಿಗೆಲ್ಲ ಹೇಳಿಕೊಡುವವರು ಅವರೇ.

ಸುದ್ದಿ ತೆಗೆದುಹಾಕಿದೆ. ತಪ್ಪೊಪ್ಪಿಗೆ ಬರೆಯಲು ಕೂತಾಗ ಯಮನೂರಪ್ಪ ಮೆಲ್ಲಗೆ, “ಬೆರಳಿನ ಸುದ್ದಿ ಬರೀಬ್ಯಾಡ್ರಿ ಅಕ್ಕಾರ, ಬದಲಿ ಸುದ್ದಿ ಹೊರಗ ಬರತೈತಿ. ಇದ್ದ ಕೆಲಸಾನೂ ಹೋಗತೈತಿ,” ಎಂದ. ಸರಿ ಎಂದೆ. ‘ಫೋಟೋದಲ್ಲಿರುವ ವ್ಯಕ್ತಿ ಯಾರೆಂದು ನಮಗೆ ತಿಳಿದಿಲ್ಲ. ಅಂಗಿಯ ಮೇಲಿನ ಹೆಸರನ್ನಷ್ಟೇ ನಂಬಿ ಪ್ರಕಟಿಸಿದ್ದು ನಮ್ಮ ತಪ್ಪು’ ಎಂದು ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿದೆ.

ಐದು ನಿಮಿಷದಲ್ಲಿ ಕೆಳಗೆ ಸಾಲುಸಾಲು ಬೈಗುಳ ಬಂದವು. ಎಷ್ಟು ತಿಂದಿರಿ ಎಂದು ಒಬ್ಬ, ಅಂಗಿ ಮೇಲೆ ಹೆಸರೇ ಐತಲ್ರಿ ಎಂದು ಇಪ್ಪತ್ತು ಜನ. ಅಷ್ಟರಲ್ಲಿ ಮಾರೆಮ್ಮನ ಫೋನು ಬಡಿಯಿತು. ಪಕ್ಕದ ಮನೆಯವರು. ಜನ ಹೋಗಿಲ್ಲ, ಬಾಗಿಲಿಗೆ ಕಲ್ಲು ಬೀಳುತ್ತಿವೆ, ಒಳಗೆ ಯಮನೂರಪ್ಪನ ಮುದಿ ತಾಯಿ ಒಬ್ಬಳೇ ಇದ್ದಾಳೆ. ನಾನು ಪೊಲೀಸರಿಗೆ ಫೋನ್ ಮಾಡಿದೆ. ಕಳಿಸುತ್ತೇವೆ ಎಂದರು.

ಮಾರೆಮ್ಮ ಗಂಡನ ಬಲಗೈ ಎಳೆದು ಮತ್ತೆ ಮೇಜಿನ ಮೇಲಿಟ್ಟಳು.

“ಹೊಡೀರಿ ಫೋಟೋ. ಬೆರಳೂ ಬರೀರಿ, ಬದಲಿನೂ ಬರೀರಿ, ಎಲ್ಲಾ ಬರೀರಿ. ಕೆಲಸ ಹೋದ್ರ ಹೋಗ್ಲಿ.”

ಯಮನೂರಪ್ಪ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನಾನು ಫೋಟೋ ಹೊಡೆದೆ. ಚಕ್ರ ಹಿಡಿದ ಕೈಯನ್ನೂ ಈ ಕೈಯನ್ನೂ ಅಕ್ಕಪಕ್ಕ ಹಾಕಿ, ಬದಲಿ ಆಳಿನ ಸುದ್ದಿಯನ್ನೂ ಬರೆದು ಏರಿಸಿದ ಮೇಲೆ ಅರ್ಧ ತಾಸಿಗೆ ಮನೆ ಮುಂದಿನ ಜನ ಕರಗಿದರು. ಯಾರೂ ತಪ್ಪಾಯಿತು ಎನ್ನಲಿಲ್ಲ.

ಮೂರನೇ ದಿನ ಮೇಸ್ತ್ರಿ ಹಾಜರಿ ಪುಸ್ತಕದಿಂದ ಯಮನೂರಪ್ಪನ ಹೆಸರು ಹೊಡೆದುಹಾಕಿದ. ಗೇಟು ಎತ್ತಿಸಿದವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಹೆಸರು ಹೊಡೆದುಹಾಕಿದ ದಿನ ಸಂಜೆ ಮಾರೆಮ್ಮನೇ ಫೋನ್ ಮಾಡಿ ಕೆಲಸ ಹೋದದ್ದನ್ನು ಹೇಳಿದಳು. ನಾನು ಏನೇನೋ ಸಮಾಧಾನ ಹೇಳತೊಡಗಿದೆ, ಅವಳು ತಡೆದಳು.

“ಒಂದು ಮಾತು ಕೇಳ್ತೀನ್ರಿ ಅಕ್ಕಾರ. ಕಳ್ಳ ಅಲ್ಲ ಅನ್ನಿಸ್ಕೊಳ್ಳಾಕ ನನ್ನ ಗಂಡ ಮುರುಕ ಕೈ ಊರಿಗೆಲ್ಲಾ ತೋರಿಸಬೇಕಾತು. ಕಳ್ಳ ಅಂತ ಬರಿಯಾಕ ನಿಮಗ ಯಾರೂ ಏನೂ ಕೇಳಲಿಲ್ಲೇನ್ರಿ?”

ಇಲ್ಲ ಎಂದೆ. ಅವಳು ಫೋನ್ ಇಟ್ಟಳು.