ಕಿಟಕಿಯಲ್ಲಿಟ್ಟ ಕಾಫಿ ಬೀಜ

ಸುಬಾನಸಾಬರು ಟೀ ಕುಡಿಯುವವರು. ಆದರೂ ಬೆಳಿಗ್ಗೆ ಎದ್ದ ಕೂಡಲೇ ಅವರ ಕೈ ಹೋಗುತ್ತಿದ್ದುದು ಅಡುಗೆಮನೆಯ ಕಿಟಕಿಯಲ್ಲಿಟ್ಟ ಗಾಜಿನ ಭರಣಿಯ ಕಡೆಗೆ. ಅದರಲ್ಲಿ ಹುರಿದ ಕಾಫಿ ಬೀಜ. ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಮೂಗಿನ ತುಂಬ ಉಸಿರೆಳೆದು ಮತ್ತೆ ಮುಚ್ಚುವರು. ಚನ್ನಗಿರಿಯ ಬಸ್ ನಿಲ್ದಾಣದ ರಸ್ತೆಯಲ್ಲಿ ನಲವತ್ತು ವರ್ಷದಿಂದ ಅತ್ತರು ಮಾರುವವರಿಗೆ ಇದು ದುಡಿಮೆಯ ಒಂದು ಭಾಗ. ನಾಲ್ಕೈದು ಅತ್ತರು ಮೂಸಿದ ಮೇಲೆ ಮೂಗು ಸೋಲುತ್ತದೆ, ಆಗ ಎರಡು ಕಾಫಿ ಬೀಜ ಮೂಸಿದರೆ ಮತ್ತೆ ಎಚ್ಚರಾಗುತ್ತದೆ ಎಂದು ಅವರ ಅಬ್ಬಾ ಕಲಿಸಿದ್ದರು. ಅಂಗಡಿಯ ಗಿರಾಕಿಗಳಿಗೂ ಒಂದು ಸಣ್ಣ ಡಬ್ಬಿಯಲ್ಲಿ ಅದೇ ಬೀಜ ಇಟ್ಟಿದ್ದರು.

ಮಳೆಗಾಲದ ಮೊದಲಲ್ಲಿ ಅವರಿಗೆ ಜ್ವರ ಬಂದು ಎಂಟು ದಿನ ಮಲಗಿಸಿತು. ಎದ್ದಾಗ ಮೂಗಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಭರಣಿ ಮೂಸಿದರು, ಗಾಳಿ ಮೂಸಿದಂತಾಯಿತು. ಕೆಲವು ದಿನ ಬಿಟ್ಟರೆ ಸರಿಹೋಗುತ್ತದೆ ಎಂದು ಸುಮ್ಮನಾದರು. ಮೂರು ತಿಂಗಳಾಯಿತು. ಭರಣಿ ಹಾಗೆಯೇ ಮೌನವಾಗಿತ್ತು.

ಈ ನಡುವೆ ಅತ್ತರಿನ ವಾಸನೆಯೇನೋ ಬರತೊಡಗಿತ್ತು. ಆದರೆ ಅವರಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಯಾವ ಸೀಸೆ ಯಾವ ಸಾಲಿನಲ್ಲಿದೆ ಎಂದು ಕೈಗೇ ಗೊತ್ತು. ಹೀನಾ ಅತ್ತರು ಎಂದು ತಿಳಿದೇ ಮೂಸಿದರೆ ಹೀನಾ ಅನಿಸದೆ ಇನ್ನೇನು? ನೆನಪೇ ಮೂಗಿನ ವೇಷ ಹಾಕಿಕೊಂಡು ಕೂತಿದೆ ಎಂದುಕೊಂಡರು. ಕಲಬೆರಕೆ ಮಾಲು ಬಂದರೆ ಗೊತ್ತಾಗದೆ, ನಂಬಿ ಬಂದವರ ಕೈಗೆ ಅದನ್ನೇ ಕೊಟ್ಟುಬಿಟ್ಟರೆ? ಆ ಯೋಚನೆ ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಭರಣಿಯ ಬೀಜವನ್ನು ಮಾತ್ರ ಅವರು ಬದಲಿಸಲಿಲ್ಲ. ಮೂಗು ಅಳೆಯಲು ಇಟ್ಟ ಬೀಜ ಅದು. ತಕ್ಕಡಿಯ ಕಲ್ಲನ್ನು ಯಾರಾದರೂ ದಿನಕ್ಕೊಂದು ಬದಲಿಸುತ್ತಾರೆಯೇ?

ಕೊನೆಗೆ ನ್ಯಾಮತಿಯಲ್ಲಿದ್ದ ತಮ್ಮನ ಮಗ ಖಲೀಲನಿಗೆ ಫೋನ್ ಮಾಡಿ, ಭಾನುವಾರ ಬಂದು ಅಂಗಡಿಯ ಬೀಗದ ಕೈ ತೆಗೆದುಕೊಂಡು ಹೋಗು, ಇನ್ನು ನೀನೇ ನಡೆಸು ಎಂದುಬಿಟ್ಟರು. ಹೆಂಡತಿ ದಿಲ್‌ಶಾದ್ ಬೇಗಂಗೆ ಇದನ್ನು ಹೇಳಿದ್ದು ಶುಕ್ರವಾರ, ಜುಮ್ಮಾ ನಮಾಜು ಮುಗಿಸಿ ಊಟಕ್ಕೆ ಕೂತಾಗ.

"ಯಾಕ್ರೀ? ಮೈಯಾಗೆ ಚಲೋ ಇಲ್ಲೇನು?"

"ವಯಸ್ಸಾತು."

"ನಿನ್ನೆ ಆಗಿರ್ಲಿಲ್ಲೇನು ವಯಸ್ಸು?"

ಅವರು ಅನ್ನ ಕಲೆಸುತ್ತಲೇ ಇದ್ದರು. ದಿಲ್‌ಶಾದ್ ಸಾರು ಬಡಿಸಿದಳು. ಮೂವತ್ತೆಂಟು ವರ್ಷ ಜೊತೆಗಿದ್ದವಳಿಗೆ ಈ ಮನುಷ್ಯ ಬಾಯಿ ಮುಚ್ಚಿದರೆ ತೆಗೆಸುವುದು ಕಷ್ಟ ಎಂದು ಗೊತ್ತಿತ್ತು. ಊಟವಾದ ಮೇಲೆ ಅವರು ಕಿಟಕಿಯ ಹತ್ತಿರ ಹೋಗಿ ಭರಣಿ ಮೂಸಿ ನಿಂತದ್ದನ್ನು, ಹೆಗಲು ಇಳಿಬಿದ್ದದ್ದನ್ನು ಅವಳು ನೋಡಿದಳು.

"ಅದ್ರಾಗೇನು ಹುಡುಕ್ತೀರಿ?"

"ಏನೂ ಇಲ್ಲ." ಭರಣಿಯ ಮುಚ್ಚಳ ತಿರುಗಿಸುತ್ತ ಮೆಲ್ಲಗೆ ಅಂದರು. "ಅದೇ. ಏನೂ ಇಲ್ಲ ಅದ್ರಾಗೆ. ಜ್ವರ ಬಂದಾಗಿಂದ."

ದಿಲ್‌ಶಾದ್ ಭರಣಿ ಕಸಿದುಕೊಂಡು ಮೂಸಿದಳು. ಹಳೆಯ ಎಣ್ಣೆಯ ಕಮಟು ಒಂದಿಷ್ಟು, ಅಷ್ಟೇ.

"ಇದನ್ನ ಮೂಸಿ ಅಂಗಡಿ ಬಿಡಾಕೆ ಹೊಂಟ್ರಾ? ಇದು ಸತ್ತ ಕಟ್ಟಿಗೆ ಆಗೈತ್ರೀ! ನನ್ನ ಅಣ್ಣ ಮಳೆಗಾಲಕ್ಕಿಂತ ಮುಂಚೆ ತಂದುಕೊಟ್ಟ ಬೀಜ. ಹುರಿದ ಬೀಜ ಹದಿನೈದು ದಿನ ಘಮ್ ಅಂತೈತೆ, ಭದ್ರ ಮುಚ್ಚಿಟ್ರೆ ಒಂದು ತಿಂಗಳು. ನೀವು ಬಿಸ್ಲು ಬೀಳೋ ಕಿಟಕಿನಾಗೆ ಇಟ್ಟು, ದಿನಾ ಮುಚ್ಚಳ ತೆಗೆದು ಗಾಳಿ ಕುಡಿಸಿದ್ರಿ. ಮ್ಯಾಲೆ ಮಳೆಗಾಲದ ಥಂಡಿ ಬ್ಯಾರೆ. ವಾಸನೆ ಹೆಂಗೆ ಉಳೀತೈತೆ?"

ಅವಳ ತವರು ಚಿಕ್ಕಮಗಳೂರು. ಅಣ್ಣ ಎರಡು ಕೆ.ಜಿ. ತಂದುಕೊಟ್ಟರೆ ಒಂದು ವಾರಕ್ಕಾಗುವಷ್ಟು ಸಣ್ಣ ಸಣ್ಣ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ, ಗಾಳಿ ಒತ್ತಿ ತೆಗೆದು, ಜಿಪ್ ಎಳೆದು ಫ್ರೀಜರ್‌ಗೆ ಹಾಕುತ್ತಿದ್ದಳು. ಕಾಫಿ ಕುಡಿಯುವವಳು ಆ ಮನೆಯಲ್ಲಿ ಅವಳೊಬ್ಬಳೇ. ಪುಡಿ ಮಾಡುವುದೂ ಕುಡಿಯುವುದೂ ಗಂಡ ಅಂಗಡಿಗೆ ಹೋದ ಮೇಲೆ.

"ಸಮಾಧಾನಕ್ಕೆ ಹೇಳ್ತೀಯ" ಎಂದರು ಸುಬಾನಸಾಬರು.

"ಹೌದಾ? ಕೂತ್ಕೊಳ್ರಿ ಹಂಗಾದ್ರೆ."

ಫ್ರೀಜರ್‌ನಿಂದ ಎರಡು ಚೀಲ ತೆಗೆದು ಮೇಜಿನ ಮೇಲಿಟ್ಟಳು. ಅವರು ಆತುರದಿಂದ ಜಿಪ್‌ಗೆ ಕೈಹಾಕಿದರು. ಅವಳು ಕೈಮೇಲೆ ಒಂದು ಏಟು ಕೊಟ್ಟಳು.

"ಈಗ್ಲೇ ಬ್ಯಾಡ. ತಣ್ಣಗಿದ್ದಾಗ ತೆಗೆದ್ರೆ ಗಾಳಿಯಾಗಿನ ನೀರೆಲ್ಲ ಬೀಜದ ಮ್ಯಾಲೆ ಕೂರ್ತೈತೆ. ಚಳಿ ಬಿಡಲಿ."

ಚೀಲದ ಹೊರಮೈ ಮಂಜಾಗಿ, ಬೆವರಿ, ಹನಿಯಾಗಿ ಮೇಜಿನ ಮೇಲೆ ಇಳಿಯಿತು. ಇಬ್ಬರೂ ಕೂತಿದ್ದರು. ಅವಳು ಹುರುಳಿಕಾಯಿಯ ನಾರು ತೆಗೆದಳು. ಅವರು ಚೀಲವನ್ನು ನೋಡುತ್ತಿದ್ದರು. ತೆರೆದಾಗಲೂ ಏನೂ ಬರದಿದ್ದರೆ ಎಂಬ ಭಯ. ಭರಣಿಯಾದರೂ ಒಂದು ನೆಪವಾಗಿತ್ತು, ಇದು ನೆಪ ಉಳಿಸುವುದಿಲ್ಲ. ಬೇಗ ಆಗಲಿ ಎಂದೂ ಬೇಡ ಎಂದೂ ಒಟ್ಟಿಗೇ ಅನಿಸುತ್ತಿತ್ತು. ಸಂಜೆ ಮುಂದಿನ ಅಸರ್ ಅಜಾನ್ ಕೇಳುವ ಹೊತ್ತಿಗೆ ದಿಲ್‌ಶಾದ್ ಚೀಲ ಮುಟ್ಟಿ ನೋಡಿ, ಒರೆಸಿ, ತನ್ನ ದುಪಟ್ಟಾದಿಂದ ಗಂಡನ ಕಣ್ಣು ಕಟ್ಟಿದಳು.

"ಮದುವಿ ದಿನಾನೂ ಹಿಂಗೆ ಕಟ್ಟಿರ್ಲಿಲ್ಲ ನಮಗೆ" ಎಂದರು.

"ಕಟ್ಟಿದ್ರೆ ತಪ್ಪಿಸ್ಕೊಳ್ತಿದ್ರೇನೋ. ಸುಮ್ನಿರ್ರಿ."

ಮೂರು ಬಟ್ಟಲಿಗೆ ಬೀಜ ಹಾಕಿದಳು. ಒಂದರಲ್ಲಿ ಭರಣಿಯದು, ಉಳಿದೆರಡರಲ್ಲಿ ಒಂದೊಂದು ಚೀಲದ್ದು. ಅದಲು ಬದಲು ಮಾಡಿ ಮೂಗಿನ ಹತ್ತಿರ ಹಿಡಿದಳು.

ಮೊದಲನೆಯದಕ್ಕೆ ಅವರು ತಲೆಯಾಡಿಸಿದರು. "ಸತ್ತದ್ದು. ಕಿಟಕೀದು."

ಎರಡನೆಯದು. ಉಸಿರು ಎಳೆದುಕೊಂಡವರು ಬಿಡಲು ಮರೆತಂತೆ ಕೂತರು. ಹುರಿದ ಘಮಲು, ಅದರ ಹಿಂದೆ ಸುಟ್ಟ ಬೆಲ್ಲದಂಥದ್ದು, ಇನ್ನೂ ಹಿಂದೆ ಒದ್ದೆ ತೊಗಟೆ. ಎಲ್ಲವೂ ಒಂದೊಂದಾಗಿ ಬಂದು ನಿಂತವು. ದಿಲ್‌ಶಾದ್ ನೋಡುತ್ತಿದ್ದಳು.

ಮೂರನೆಯದನ್ನು ಅವರೇ ಬಟ್ಟಲು ಹಿಡಿದು ಮೂಸಿದರು. ಹುಬ್ಬು ಗಂಟಾಯಿತು.

"ಇದೂ ಹೊಸದೇ. ಆದ್ರೆ ಇದ್ರಾಗೆ ಬೆಳ್ಳುಳ್ಳಿ ಐತೆ."

"ಕಾಫಿಯಾಗೆ ಎಲ್ಲಿ ಬೆಳ್ಳುಳ್ಳಿ? ಏನೇನೋ ಹೇಳಬ್ಯಾಡ್ರಿ."

"ಐತೆ. ಶುಂಠೀನೂ ಸ್ವಲ್ಪ."

ಅವಳು ಮೂಸಿದಳು. ಕಾಫಿ ಬಿಟ್ಟು ಬೇರೇನೂ ಸಿಗಲಿಲ್ಲ. ಗೆದ್ದ ದನಿಯಲ್ಲಿ ಏನೋ ಅನ್ನಲು ಹೊರಟವಳು ಆ ಬೀಜದ ಚೀಲವನ್ನು ಬೆಳಕಿಗೆ ಹಿಡಿದು ನೋಡಿದಳು. ಜಿಪ್‌ನ ಒಂದು ಮೂಲೆಯಲ್ಲಿ ಅರ್ಧ ಬೀಜ ಸಿಕ್ಕಿಕೊಂಡು ಬಾಯಿ ಪೂರ್ತಿ ಮುಚ್ಚಿರಲಿಲ್ಲ. ಫ್ರೀಜರ್‌ನಲ್ಲಿ ಅದರ ಪಕ್ಕದಲ್ಲೇ ಶುಂಠಿ ಬೆಳ್ಳುಳ್ಳಿ ಅರೆದಿಟ್ಟ ಡಬ್ಬಿ ಇತ್ತು.

ಇದು ಅವಳಿಗೇ ಗೊತ್ತಿರದ ಸಂಗತಿ. ಸಮಾಧಾನಕ್ಕೆ ಹೇಳಲು ಸಾಧ್ಯವೇ ಇರಲಿಲ್ಲ.

"ಯಾ ಅಲ್ಲಾ" ಎಂದಳು. ಒಂದು ವಾರದ ಕಾಫಿ ಕೆಟ್ಟಿತೆಂಬ ಸಂಕಟಕ್ಕೋ ಇನ್ನೇತಕ್ಕೋ ಕಣ್ಣು ತುಂಬಿ ಬಂತು. ಚೀಲವನ್ನು ಅವರ ಕೈಗಿಟ್ಟು, ಕಣ್ಣಿನ ಕಟ್ಟು ಬಿಚ್ಚಿದಳು. ಅವರು ಸಿಕ್ಕಿಕೊಂಡ ಅರ್ಧ ಬೀಜವನ್ನು ಬಹಳ ಹೊತ್ತು ನೋಡಿದರು. ಮೂಗು ಯಾವಾಗಲೋ ಮರಳಿ ಬಂದಿತ್ತು. ಅಷ್ಟರಲ್ಲಿ ಭರಣಿಯ ಬೀಜ ಸತ್ತುಹೋಗಿತ್ತು.

ಖಲೀಲನಿಗೆ ಫೋನ್ ಮಾಡಿದರು. "ಭಾನುವಾರ ಬಾ ಬೇಟಾ, ಊಟಕ್ಕೆ ಬಾ. ಬೀಗದ ಕೈ ವಿಷಯ ಬಿಡು. ನಂದೇ ತಪ್ಪು, ಬೇಜಾರ್ ಮಾಡ್ಕೋಬ್ಯಾಡ." ಖಲೀಲ, "ಆಯ್ತು ದೊಡ್ಡಬ್ಬಾ" ಎಂದ. ಆ ದನಿಯಲ್ಲಿ ಆಸೆ ಇಳಿದದ್ದು ಅವರಿಗೆ ಕೇಳಿಸಿತು. ಹುಡುಗನಿಗೆ ಬೇರೆ ಏನಾದರೂ ಮಾಡಬೇಕು ಎಂದುಕೊಂಡರು.

ದಿಲ್‌ಶಾದ್ ಒಳ್ಳೆಯ ಚೀಲದ ಬೀಜವನ್ನು ಸ್ಟೀಲ್ ಡಬ್ಬಿಗೆ ಸುರಿದು, ಮುಚ್ಚಳ ಒತ್ತಿ, ಬೆಳಕು ಬೀಳದ ಕಪಾಟಿನ ಒಳಗಿಟ್ಟಳು. ಗಂಡನ ಕಡೆ ಬೆನ್ನು ಮಾಡಿಕೊಂಡೇ ಕೇಳಿದಳು.

"ಮೂರು ತಿಂಗಳು ಆ ಭರಣೀನ ಕೇಳಿದ್ರಿ. ನನ್ನ ಒಂದು ಮಾತು ಕೇಳಿದ್ರೆ ಏನಾಗ್ತಿತ್ರೀ?"

ಇಂಥ ಪ್ರಶ್ನೆಗೆ ಸುಬಾನಸಾಬರು ಯಾವಾಗಲೂ ಎದ್ದು ಹೋಗುತ್ತಿದ್ದರು. ಇವತ್ತು ಕುರ್ಚಿ ಎಳೆದುಕೊಂಡು ಅಲ್ಲೇ ಕೂತರು.

"ಹೆದ್ರಿಕೆ ಆಗಿತ್ತು" ಎಂದರು.