ಕೆಂಪು ಬಿಟ್ಟು ಬಿಳಿ

ಟೈಲರ್ ಅಕ್ಕನ ಬಾಯಿಂದ ದೊಡ್ಡ ಡಾಕ್ಟರರು ಬಯಾಪ್ಸಿಗೆಂದು ಚೂರು ತೆಗೆದ ದಿನ ಕೆನ್ನೆಯನ್ನು ಎಳೆದು ಹಿಡಿದಿದ್ದವಳು ನಾನು. ದೊಡ್ಡ ಡಾಕ್ಟರರ ದಂತ ಚಿಕಿತ್ಸಾಲಯದಲ್ಲಿ ನಾನು ಕಿರಿಯ ಡಾಕ್ಟರ್. ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ಮಚ್ಚೆ; ಅದರ ಹಿಂದಿನ ಅಂಚಿನಲ್ಲಿ ಬೇಳೆಯಷ್ಟು ಕೆಂಪು, ಮಖಮಲ್ಲಿನಂತೆ. ಇಂಥ ಕಡೆ ಚೂರು ತೆಗೆಯಬೇಕಾದದ್ದು ಕೆಂಪಿನಿಂದಲೇ. ಕ್ಯಾನ್ಸರಿನಂಥ ಕೆಟ್ಟದ್ದಿದ್ದರೆ ಹೆಚ್ಚಾಗಿ ಅಲ್ಲೇ ಇರುತ್ತದೆ. ದೊಡ್ಡ ಡಾಕ್ಟರರು ತೆಗೆದದ್ದು ಮುಂದಿನ ಬಿಳಿಯಿಂದ. ಅಲ್ಲಿ ಕೈ ಸುಲಭವಾಗಿ ಆಡುತ್ತದೆ, ಹೊಲಿಗೆ ಬೇಗ ಮುಗಿಯುತ್ತದೆ, ಅವರಿಗೆ ಹೊತ್ತಾಗಿತ್ತು. ನಾನು ಬಾಯಿ ಬಿಡಲಿಲ್ಲ.

ರಿಪೋರ್ಟಿನಲ್ಲಿ ತೊಂದರೆಯಿಲ್ಲ ಎಂದು ಬಂತು. ಅದನ್ನು ತಾವೇ ಬರೆದ ಗ್ರಂಥವೆಂಬಂತೆ ಅವರು ಬೀಗಿದರು.

ಮೂರು ತಿಂಗಳ ಮೇಲೆ ಅಕ್ಕ ತಪಾಸಣೆಗೆ ಬಂದರು. ಹೊಗೆಸೊಪ್ಪು ಬಿಟ್ಟಿದ್ದರು. ಕೆನ್ನೆಗೆ ಉಜ್ಜುತ್ತಿದ್ದ ಚೂಪು ಹಲ್ಲನ್ನು ಮೊದಲ ಸಲ ಚೂರು ತೆಗೆದ ದಿನವೇ ನಾನು ನಯಮಾಡಿದ್ದೆ. ಅಳತೆಪಟ್ಟಿ ಹಿಡಿದು ಫೋಟೋ ತೆಗೆದು, ಆ ದಿನ ತೆಗೆದಿದ್ದ ಹಳೆಯ ಫೋಟೋದ ಪಕ್ಕ ಇಟ್ಟೆ. ಬಿಳಿ ಹಾಗೇ ಇತ್ತು. ಕೆಂಪು ಎರಡರಷ್ಟಾಗಿತ್ತು.

"ಸರ್, ಕೆಂಪಿಂದ ಈಗ್ಲೇ ತೆಗೀಬೇಕು."

ಅವರು ಫೋನಿನಿಂದ ಕಣ್ಣೆತ್ತಲಿಲ್ಲ. "ರಿಪೋರ್ಟ್ ಕ್ಲೀನ್ ಇದ್ಯಲ್ಲಮ್ಮ! ಹಲ್ಲು ಕೆನ್ನೆಗೆ ಉಜ್ಜಿರುತ್ತೆ. ಎರಡು ವಾರ ನೋಡೋಣ."

"ಹಲ್ಲು ನಯಮಾಡಿ ಮೂರು ತಿಂಗಳಾಯ್ತು ಸರ್. ಕಾಯೋಕೆ ಕಾರಣವೇ ಉಳಿದಿಲ್ಲ. ರಿಪೋರ್ಟ್ ಬಿಳೀದು, ಕೆಂಪಿನದಲ್ಲ."

"ಓಹೋ, ಮೇಡಂ ನನಗೆ ಪಾಠ ಹೇಳ್ತಾರೆ! ಮಾಡ್ಕೋ ಹೋಗು. ಏನೂ ಬರಲಿಲ್ಲ ಅಂದ್ರೆ ಆಕೆಗೆ ನೀನೇ ಉತ್ತರ ಕೊಡು."

ಮೂವತ್ತು ವರ್ಷದ ಅನುಭವ ಎಂದು ಗೋಡೆಗೆ ಬರೆಸಿಕೊಂಡ ಮನುಷ್ಯ. ಒಂದೇ ಸೋಮಾರಿತನವನ್ನು ಮೂವತ್ತು ವರ್ಷ ಅಭ್ಯಾಸ ಮಾಡಿದ್ದರು, ಅಷ್ಟೇ.

ಅಕ್ಕನನ್ನು ಒಪ್ಪಿಸಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಕೆಂಪಿನಿಂದಲೇ ಚೂರು ತೆಗೆದೆ. ವಾರದ ನಂತರ ರಿಪೋರ್ಟ್ ಬಂತು: ಜೀವಕೋಶಗಳು ತೀವ್ರವಾಗಿ ಬದಲಾಗಿವೆ, ಈ ಚೂರಿನಲ್ಲಿ ಇನ್ನೂ ಆಳಕ್ಕೆ ಇಳಿದದ್ದು ಕಾಣುವುದಿಲ್ಲ. ಮಚ್ಚೆಯನ್ನು ಪೂರ್ತಿ ತೆಗೆಸಬೇಕು.

ರಿಪೋರ್ಟ್ ಕೇಳಲು ಅಕ್ಕ ಬಂದಾಗ ದೊಡ್ಡ ಡಾಕ್ಟರರು ತಾವೇ ಎದ್ದು ಬಂದರು. "ನೋಡಮ್ಮಾ, ಕ್ಯಾನ್ಸರ್ ಆಗೋಕೆ ಮುಂಚೆನೇ ಹಿಡಿದ್ವಿ. ನಮ್ಮ ಕಣ್ಣು ತಪ್ಪಿಸೋಕಾಗುತ್ತಾ?"

ನನಗೆ ಅಸಹ್ಯವಾಯಿತು. ಅರ್ಧ ಅವರ ಮೇಲೆ, ಅರ್ಧ ನನ್ನ ಮೇಲೆ.

ಅಕ್ಕ ನನ್ನ ಕೈಯಲ್ಲಿದ್ದ ಎರಡು ಫೋಟೋಗಳನ್ನು ನೋಡಿ ನನ್ನತ್ತ ತಿರುಗಿದರು. "ಈ ಕೆಂಪು ಮೊದಲ್ನೇ ಸಲ ಚೂರು ತೆಗೆದಾಗ್ಲೂ ಇತ್ತಾ?"

"ಇತ್ತು, ಅಕ್ಕಾ. ನಾನು ನೋಡಿದ್ದೆ."

ದೊಡ್ಡ ಡಾಕ್ಟರರು ಕೆಮ್ಮಿದರು.

"ನೋಡಿದ್ರಿ," ಎಂದರು ಅಕ್ಕ. "ನೋಡ್ಕೊಂಡು ನನ್ನ ಕೆನ್ನೆ ಹಿಡ್ಕೊಂಡು ನಿಂತಿದ್ರಿ." ಆಮೇಲೆ ಕೇಳಿದರು, "ಆಪರೇಷನ್ ಮಾಡೋದು ನೀವೇನಾ?"

"ಅಲ್ಲ. ದೊಡ್ಡಾಸ್ಪತ್ರೆಯ ಸರ್ಜನ್ನು."

"ಸದ್ಯ," ಎಂದು ಅವರು ನನ್ನ ಕೈಯಿಂದ ಎರಡೂ ಫೋಟೋಗಳನ್ನು ಕಿತ್ತುಕೊಂಡು ಹೊರಟರು.