ಪರಿಚಯದಲ್ಲಿ ಬೇಡ ಅಂದ ಮಾತು

ಕಾಲೇಜಿಗೆ ಬರುವ ಅತಿಥಿಗಳನ್ನು ವೇದಿಕೆಯ ಮೇಲೆ ಪರಿಚಯಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿ ಆರು ವರ್ಷವಾಯಿತು. ಕೊಳ್ಳೇಗಾಲದ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಅತಿಥಿ ಅನ್ನುವುದು ಹೆಸರಿಗಷ್ಟೇ, ಕೆಲಸ ಮಾತ್ರ ಮನೆಯ ಆಳಿನದು. ಪ್ರತಿ ಜೂನ್‌ನಲ್ಲಿ ಕಾರ್ಯದರ್ಶಿ ಚನ್ನಬಸವ ಅವರು ಸಹಿ ಹಾಕಿದರೆ ಇನ್ನೊಂದು ವರ್ಷ ಪಾಠ, ಇಲ್ಲದಿದ್ದರೆ ಮಧುವನಹಳ್ಳಿಯ ಮನೆಯಲ್ಲಿ ಅಮ್ಮನ ಬೈಗುಳ.

ಅತಿಥಿ ಪರಿಚಯ ಎಂದರೆ ನಮ್ಮ ಕಡೆ ಒಂದು ರೋಗ. ಇಂಥ ಊರಿನ ಇಂಥವರ ಮಗ, ಇಂಥವರ ಮೊಮ್ಮಗ ಎಂದು ಶುರುವಾಗಿ, ಸರಳ ಸಜ್ಜನಿಕೆಯ ಸಾಕಾರಮೂರ್ತಿ ಎನ್ನುವ ಹೊತ್ತಿಗೆ ಹಿಂದಿನ ಬೆಂಚು ನಿದ್ದೆ ಹೊಡೆಯುತ್ತಿರುತ್ತದೆ. ನಾನು ಅದನ್ನು ಒಂದು ನಿಮಿಷಕ್ಕೆ ಇಳಿಸಿದ್ದೆ. ಏನು ವಿಷಯ, ಅದು ನಮಗೆ ಯಾಕೆ ಬೇಕು, ಅದನ್ನು ಇವರೇ ಯಾಕೆ ಹೇಳಬೇಕು, ಕೊನೆಗೆ ಅವರ ಹೆಸರು. ಹೆಸರು ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು. ಇದಕ್ಕೆ ಬೈಸಿಕೊಂಡಿದ್ದೇನೆ, ಆದರೆ ಬಿಟ್ಟಿಲ್ಲ.

ಈ ಸಲ ಹೆಣ್ಣುಮಕ್ಕಳಿಗಾಗಿ ಕಾನೂನು ಅರಿವು ಕಾರ್ಯಕ್ರಮ. ಮಾತಾಡಲು ಬರುವವರು ವಕೀಲೆ ಲಕ್ಷ್ಮಿದೇವಿ ಎಂದು ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಪತ್ರ ಬಂದಿತ್ತು. ಅದರಲ್ಲಿ ಹೆಸರು, ಫೋನ್ ನಂಬರು ಬಿಟ್ಟರೆ ಬೇರೇನೂ ಇರಲಿಲ್ಲ. ಬಯೋಡೇಟಾ ಕಳಿಸಿ ಮೇಡಂ ಎಂದು ವಾಟ್ಸಾಪ್ ಮಾಡಿದೆ, ಉತ್ತರವಿಲ್ಲ. ಫೋನ್ ಮಾಡಿದೆ.

"ಬಯೋಡೇಟಾ ಇಲ್ಲ. ನಾನೇನು ನಿಮ್ಮ ಕಾಲೇಜಿಗೆ ಕೆಲಸಕ್ಕೆ ಅರ್ಜಿ ಹಾಕಿದೀನಾ?" ಎಂದರು.

ಮೈ ಉರಿಯಿತು. ಆದರೂ ಇಂಥವರಿಗೆಂದು ನನ್ನ ಹತ್ತಿರ ಐದು ಸಣ್ಣ ಪ್ರಶ್ನೆಗಳಿವೆ. ಅವನ್ನು ಕಳಿಸಿದೆ. ನಿಮ್ಮ ಹೆಸರನ್ನು ಹೇಗೆ ಹೇಳಬೇಕು, ಯಾವ ವಿಷಯ ಮಾತಾಡುತ್ತೀರಿ, ಆ ವಿಷಯಕ್ಕೂ ನಿಮಗೂ ಏನು ನಂಟು, ಕೇಳಿದವರು ಮನೆಗೆ ಏನು ತೆಗೆದುಕೊಂಡು ಹೋಗಬೇಕು, ಪರಿಚಯದಲ್ಲಿ ಏನು ಹೇಳಬಾರದು. ಕೊನೆಯ ಪ್ರಶ್ನೆಯನ್ನು ಸೇರಿಸಿದ್ದು ಪೆಟ್ಟು ತಿಂದ ಮೇಲೆ. ಒಬ್ಬ ವೈದ್ಯೆಯ ಪರಿಚಯದಲ್ಲಿ, ಅವರನ್ನು ಬಿಟ್ಟು ಹೋದ ಗಂಡನ ಹೆಸರನ್ನು ಮೈಕಿನಲ್ಲಿ ಹೇಳಿಬಿಟ್ಟಿದ್ದೆ, ಆಕೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಸಂಜೆಗೆ ಉತ್ತರ ಬಂತು. ಪ್ರತಿಯೊಂದೂ ತುಂಡು ತುಂಡು. ವಕೀಲೆ ಲಕ್ಷ್ಮಿದೇವಿ, ಶ್ರೀಮತಿ ಕುಮಾರಿ ಎರಡೂ ಬೇಡ. ತವರಿನ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲು. ಕೊಳ್ಳೇಗಾಲ, ಯಳಂದೂರು ಕೋರ್ಟುಗಳಲ್ಲಿ ಇಂಥ ಕೇಸುಗಳನ್ನೇ ನಡೆಸುತ್ತೇನೆ, ಅದರಲ್ಲಿ ಒಂದು ನನ್ನದೇ. ಯಾವ ಕಾಗದಕ್ಕೂ ಓದದೆ ಸಹಿ ಹಾಕಬಾರದು. ನನ್ನ ತಂದೆ, ಅಣ್ಣನ ಹೆಸರು ಹೇಳಬೇಡಿ, ವಿಷಯ ಕೋರ್ಟಿನಲ್ಲಿದೆ.

ಉತ್ತರ ಒರಟು, ಆದರೆ ಪರಿಚಯಕ್ಕೆ ಬೇಕಾದ್ದೆಲ್ಲ ಇತ್ತು. ಬರೆದು, ಫೋನಿನಲ್ಲಿ ಓದಿ ಹೇಳಿದೆ. 'ಹೆಸರಾಂತ ವಕೀಲೆ' ಎಂದಾಗ ತಡೆದರು.

"ಹೆಸರಾಂತ ಅಂತ ಯಾರು ಹೇಳಿದ್ರು ನಿಮಗೆ?"

"ಗೌರವಕ್ಕೆ, ಮೇಡಂ."

"ನಾನು ಬರೆದುಕೊಟ್ಟಿದ್ದರಲ್ಲಿ ಅದಿಲ್ಲ. ತೆಗೀರಿ. ನಿಮ್ಮ ಕಾರ್ಯದರ್ಶಿ ಹೇಳಿಕೊಟ್ಟ ಹಾಗೆ ಬರೀಬೇಡಿ."

ನಮ್ಮ ಕಾರ್ಯದರ್ಶಿಯ ಮಾತು ಇವರ ಬಾಯಲ್ಲಿ ಯಾಕೆ ಬಂತೋ ಆಗ ತಿಳಿಯಲಿಲ್ಲ. ಅಹಂಕಾರದ ಮುದ್ದೆ ಎಂದು ಮನಸ್ಸಿನಲ್ಲೇ ಬೈದುಕೊಂಡು ಆ ಪದ ತೆಗೆದೆ.

ವೇದಿಕೆಯಲ್ಲಿ ಓದುವ ಯಾವ ಕಾಗದವೂ ಕಾರ್ಯದರ್ಶಿಯ ಕಣ್ಣಿಗೆ ಬೀಳದೆ ಹೋಗುವ ಹಾಗಿಲ್ಲ. ಮಾರನೆಯ ದಿನ ಅವರ ಕೋಣೆಗೆ ಹೋದೆ. ಚನ್ನಬಸವ ಅವರು ಓದಿದರು, ಕಾಗದ ಮಗುಚಿ ಹಿಂದೆಯೂ ನೋಡಿದರು.

"ನಮ್ಮಪ್ಪನ ಎಸ್ರೇ ಇಲ್ವಲ್ಲಮ್ಮ?"

"ನಿಮ್ಮ ತಂದೆಯವರ ಹೆಸರು ಯಾಕೆ ಸಾ?"

"ಯಾಕೆ ಅಂದ್ರೆ? ಲಕ್ಷ್ಮಿದೇವಿ ನನ್ನ ತಂಗಿ ಕಣಮ್ಮ. ನಮ್ಮಪ್ಪನ ಎರಡನೇ ಎಂಡ್ತಿ ಮಗಳು. ಊರಿಗೆಲ್ಲ ಗೊತ್ತು, ನಿಂಗೆ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ. ಅವರದು ಯಳಂದೂರು ಕಡೆಯ ಜಮೀನ್ದಾರಿ ಮನೆ. ತೀರಿಕೊಂಡ ತಂದೆ ದೊಡ್ಡಮಾದಪ್ಪನವರ ಫೋಟೋ ನಮ್ಮ ಸಭಾಂಗಣದಲ್ಲಿದೆ, ಹಾರ ಬದಲಾಯಿಸುವುದೂ ನಮ್ಮದೇ ಕೆಲಸ. ಆ ಮನೆಗೆ ಒಬ್ಬಳು ಮಗಳಿದ್ದಾಳೆಂದು ಯಾವ ಭಾಷಣದಲ್ಲೂ ಯಾರೂ ಹೇಳಿರಲಿಲ್ಲ. ಆಕೆ ಕೇಸು ಹಾಕಿದ್ದು ಇವರ ಮೇಲೆಯೇ ಎಂದು ಆಗ ಹೊಳೆಯಿತು. ಮೊಬೈಲಿನಲ್ಲಿದ್ದ ಆಕೆಯ ಉತ್ತರವನ್ನು ತೋರಿಸಿದೆ.

"ಅಪ್ಪ, ಅಣ್ಣನ ಹೆಸರು ಬೇಡ ಅಂದಿದಾರೆ ಸಾ. ವಿಷಯ ಕೋರ್ಟಿನಲ್ಲಿದೆಯಂತೆ."

"ಕೋರ್ಟ್ ಕೋರ್ಟಲ್ಲಿರ್ಲಿ. ಸ್ಟೇಜ್ ಮೇಲಿನ ಮಾತು ಬ್ಯಾರೆ." ಪೆನ್ನು ತೆಗೆದು ನನ್ನ ಕಾಗದದ ಮೇಲ್ಗಡೆ ತಾವೇ ಬರೆದರು: ದಿವಂಗತ ದೊಡ್ಡಮಾದಪ್ಪನವರ ಪ್ರೀತಿಯ ಪುತ್ರಿ, ನಮ್ಮ ಕಾರ್ಯದರ್ಶಿಗಳ ನೆಚ್ಚಿನ ತಂಗಿ. "ತಂಗೀನ ಬೀದಿಗ್ ತಳ್ದೋನು ಅಂತ ಜನ ಆಡ್ಕತಾವ್ರೆ. ನಾವೇ ಮನೆಮಗಳು ಅಂದ್ಬುಟ್ರೆ ಎಲ್ರ ಬಾಯೂ ಮುಚ್ಚೋಯ್ತದೆ. ಅವಳೂ ಎಲ್ರ ಮುಂದೆ ಅಣ್ಣನ್ ಮ್ಯಾಲೆ ಬಾಯ್ಬುಡಕಾಗಲ್ಲ."

"ಅವರು ಬೇಡ ಅಂದಿದ್ದನ್ನ ನಾನು ಹೇಗೆ ಓದಲಿ?"

"ಬಾಯಲ್ಲೇ ಓದು. ಜೂನ್ ದೂರ ಇಲ್ಲ, ಗ್ಯಾಪ್ಕ ಇಟ್ಕ."

ಅವತ್ತು ರಾತ್ರಿ ಊಟ ಸೇರಲಿಲ್ಲ. ಆಕೆಯ ಮೇಲೆ ನನಗೇನೂ ಪ್ರೀತಿ ಉಕ್ಕಿ ಹರಿಯುತ್ತಿರಲಿಲ್ಲ. ಒಂದು ಸಾಲು ಓದಿದರೆ ನನ್ನ ಗಂಟೇನು ಹೋಗುತ್ತದೆ? ಆದರೆ ಏನು ಹೇಳಬಾರದು ಎಂದು ಕೇಳಿದವಳು ನಾನೇ. ಕೇಳಿ, ಉತ್ತರ ಇಸಿದುಕೊಂಡು, ಅದನ್ನೇ ಮೈಕಿನಲ್ಲಿ ಹೇಳುವುದು ಮನೆಗೆ ಕರೆದು ಹೊಡೆದ ಹಾಗೆ. ಅಷ್ಟು ಹೇಸಿಗೆಯ ಕೆಲಸ ನನ್ನಿಂದಾಗದು ಅನ್ನಿಸಿತು.

ಕಾರ್ಯಕ್ರಮದ ದಿನ ಸಭಾಂಗಣ ಭರ್ತಿ. ಹನೂರು, ಅಜ್ಜೀಪುರದಿಂದ ಬಸ್ಸಿನಲ್ಲಿ ಬರುವ ಹುಡುಗಿಯರೂ ಅವತ್ತು ತರಗತಿ ಬಿಟ್ಟು ಬಂದು ಕೂತಿದ್ದರು. ಅಣ್ಣ ತಂಗಿ ವೇದಿಕೆಯ ಎರಡು ತುದಿಗಳಲ್ಲಿ ಕೂತು ಒಬ್ಬರನ್ನೊಬ್ಬರು ನೋಡದ ಹಾಗೆ ನೋಡುತ್ತಿದ್ದರು. ಮೇಲೆ ದೊಡ್ಡಮಾದಪ್ಪನವರ ಫೋಟೋ. ಕಾಲೇಜಿನ ಯೂಟ್ಯೂಬಿಗಾಗಿ ವಿಡಿಯೋ ನಡೆಯುತ್ತಿತ್ತು.

ನಾನು ಎದ್ದು ನಿಂತೆ.

"ನಿಮ್ಮಲ್ಲಿ ಎಷ್ಟೋ ಜನಕ್ಕೆ ಮದುವೆಗೆ ಮುಂಚೆ ಯಾರೋ ಒಂದು ಕಾಗದ ತಂದು ಇಲ್ಲೊಂದು ಸಹಿ ಹಾಕಮ್ಮ ಅಂತಾರೆ. ಅದರಲ್ಲಿ ಏನಿರುತ್ತೆ, ಹಾಕಿದರೆ ಏನು ಹೋಗುತ್ತೆ ಅನ್ನೋದೇ ಇವತ್ತಿನ ಮಾತು. ತವರಿನ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲಿನ ಕೇಸುಗಳನ್ನ ಕೊಳ್ಳೇಗಾಲ, ಯಳಂದೂರು ಕೋರ್ಟುಗಳಲ್ಲಿ ನಡೆಸುವ ಇವರು, ಅಂಥದ್ದೇ ಒಂದು ಕೇಸನ್ನ ತಮಗಾಗಿಯೂ ನಡೆಸುತ್ತಿದ್ದಾರೆ. ವಕೀಲೆ ಲಕ್ಷ್ಮಿದೇವಿ."

ಕೂತೆ. ಚಪ್ಪಾಳೆ ನಿಲ್ಲುವ ಮುಂಚೆಯೇ ಚನ್ನಬಸವ ಎದ್ದು ಬಂದು ಮೈಕು ಹಿಡಿದರು. ನನ್ನ ಕಡೆ ಬೀರಿದ ನೋಟದಲ್ಲೇ ನನ್ನ ಜೂನ್ ಸುಟ್ಟು ಬೂದಿಯಾಯಿತು.

"ಮೇಡಮ್ಮೋರು ಮುಖ್ಯವಾದ್ದನ್ನೇ ಮರ್ತುಬುಟ್ರು," ಎಂದು ನಕ್ಕರು. "ಲಕ್ಷ್ಮಿದೇವಿ ಬ್ಯಾರೆ ಯಾರೂ ಅಲ್ಲ. ಈ ಫೋಟೋದಲ್ಲವ್ರಲ್ಲ ನಮ್ಮಪ್ಪಾಜಿ, ಅವ್ರ ಸ್ವಂತ ಮಗಳು. ನನ್ನ ಒಡಹುಟ್ಟಿದ ತಂಗಿ. ನಮ್ಮ ಮನೆಮಗಳು!"

ಸಭೆ ಭೋರೆಂದು ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನ ಹಿರಿಯರೊಬ್ಬರು ಕಣ್ಣೊರೆಸಿಕೊಂಡರು. ಆಕೆಗೆ ಮುಖ ತೋರಿಸಲಾಗದೆ ತಲೆ ತಗ್ಗಿಸಿದೆ.

ಲಕ್ಷ್ಮಿದೇವಿ ನಿಧಾನವಾಗಿ ಮೈಕಿನ ಹತ್ತಿರ ಬಂದರು. ಚಪ್ಪಾಳೆ ಪೂರ್ತಿ ನಿಲ್ಲುವ ತನಕ ಕಾದರು.

"ಅಣ್ಣನ ಹೆಸರು ಪರಿಚಯದಲ್ಲಿ ಬೇಡ ಅಂತ ನಾನೇ ಹೇಳಿದ್ದೆ," ಎಂದರು. "ಅವರ ಮಾನ ಉಳೀಲಿ ಅಂತ. ನನ್ನ ಕೇಸಿನ ಕತೆಯನ್ನ ಹೆಸರಿಲ್ಲದೆ ಹೇಳಿ ಹೋಗೋಣ ಅಂದ್ಕೊಂಡು ಬಂದೆ. ಈಗ ಅವರೇ ಹೇಳಿದಾರೆ, ನನಗೇನು ಅಡ್ಡಿ? ಪಾಲು ಕೇಳಿ ನಾನು ಕೋರ್ಟಿಗೆ ಹೋದಾಗ ಇದೇ ಅಣ್ಣ ಕೋರ್ಟಿಗೆ ಏನು ಬರೆದುಕೊಟ್ಟಿದಾರೆ ಗೊತ್ತಾ ನಿಮಗೆ? ಈ ಹೆಂಗಸು ನಮ್ಮ ತಂದೆಯ ಮಗಳೇ ಅಲ್ಲ. ಇವಳ ತಾಯಿಗೂ ನಮ್ಮ ತಂದೆಗೂ ಯಾವ ಸಂಬಂಧವೂ ಇರಲಿಲ್ಲ. ಇವಳು ಯಾರೋ ನಮಗೆ ಗೊತ್ತಿಲ್ಲ."

ಮುಂದಿನ ಸಾಲಿನವರೆಲ್ಲ ಚನ್ನಬಸವ ಅವರ ಕಡೆ ತಿರುಗಿದರು.

"ನನ್ನ ತಾಯಿ ಗೋವಿಂದಮ್ಮ ಈ ಮಾತು ಕೇಳಿಸಿಕೊಂಡೇ ಸತ್ತರು. ಅಪ್ಪನ ಮಗಳು ಅಂತ ತೋರಿಸೋಕೆ ನಾನು ಇನ್ನೂ ಸಾಕ್ಷಿ ಹುಡುಕ್ತಾ ಇದೀನಿ. ಇವತ್ತು ಅಣ್ಣನೇ ನಿಂತು, ಇಷ್ಟು ಜನರ ಮುಂದೆ, ಕ್ಯಾಮೆರಾ ಮುಂದೆ, ಸ್ವಂತ ಮಗಳು ಅಂದಿದಾರೆ. ಹುಡುಗಿಯರೇ, ಎದುರುಪಾರ್ಟಿ ತನ್ನ ಬಾಯಿಂದಲೇ ಒಪ್ಪಿಕೊಂಡರೆ ಅದೂ ಸಾಕ್ಷಿ. ನಿಮಗೆ ಇವತ್ತಿನ ಮೊದಲನೇ ಪಾಠ ಇದೇ."

ಚನ್ನಬಸವ ಅವರ ಮುಖ ಸುಣ್ಣ ಬಳಿದ ಹಾಗಾಗಿತ್ತು. ವಿಡಿಯೋ ನಿಲ್ಸೋ ಎಂದು ಕೂಗಿದರು. ಆ ಕೂಗೂ ವಿಡಿಯೋದಲ್ಲಿ ಬಂದಿದೆ.

ಕಾರ್ಯಕ್ರಮ ಮುಗಿದ ಮೇಲೆ ಅವರು ಸ್ಟಾಫ್ ರೂಮಿಗೆ ಬಂದು ಬಾಗಿಲು ಹಾಕಿ, ನನ್ನ ಮುಂದೆ ಬಿಳಿ ಹಾಳೆ ಇಟ್ಟರು.

"ಬರಿ. ಲಕ್ಷ್ಮಿದೇವಿ ಇಂಥೋರ ಮಗಳು ಅಂತ ತಪ್ಪಾಗಿ ತಿಳ್ಕಂಡು ನಾನೇ ಬರ್ದಿದ್ದೆ, ಅದನ್ನೇ ನಮ್ಮ ಕಾರ್ಯದರ್ಶಿಗಳು ನಂಬ್ಕಂಡು ಏಳುದ್ರು ಅಂತ. ಬರ್ದು ಸಹಿ ಆಕು. ಈ ಜೂನ್‌ಗೆ ನಿನ್ನ ಕಾಯಂ ಮಾಡ್ಕೊಡ್ತೀನಿ, ನಮ್ಮಪ್ಪನಾಣೆ."

ಕಾಯಂ. ಆ ಮಾತಿಗಾಗಿ ಆರು ವರ್ಷ ಈ ಮನುಷ್ಯನ ಮುಂದೆ ಕೈಕಟ್ಟಿ ನಿಂತಿದ್ದೇನೆ. ಆಸೆಯಾಗಲಿಲ್ಲ ಎಂದರೆ ಯಾರೂ ನಂಬಬೇಡಿ. ಪೆನ್ನು ಕೈಗೆ ತೆಗೆದುಕೊಂಡದ್ದೂ ನಿಜ.

"ನಾನು ಬರೆದದ್ದನ್ನ ನಾನು ಓದಿದೆ ಸಾ," ಎಂದೆ. "ನೀವು ಹೇಳಿದ್ದು ನಿಮ್ಮದು. ನನ್ನ ಕಾಗದದ ಮೇಲಿರೋದೂ ನಿಮ್ಮ ಕೈಬರಹವೇ."

"ನಾಳೆಯಿಂದ ಈ ಗೇಟಲ್ಲಿ ಕಾಲಿಕ್ಬೇಡ."

ಬ್ಯಾಗು ತೆಗೆದುಕೊಂಡು ಹೊರಗೆ ಬಂದೆ. ಗೇಟಿನ ಹತ್ತಿರ ಲಕ್ಷ್ಮಿದೇವಿ ಆಟೋಗೆ ಕಾಯುತ್ತಿದ್ದರು. ನನ್ನನ್ನು ನೋಡಿ ಮುಖ ಸಡಿಲಿಸಲೂ ಇಲ್ಲ.

"ಅಣ್ಣ ಎಲ್ಲರ ಮುಂದೆ ಹೇಳಿದ್ದನ್ನ ಕೋರ್ಟಿಗೆ ಬಂದು ಹೇಳ್ತೀರಾ?"

"ನನ್ನ ಕೆಲಸ ಹೋಯ್ತು ಮೇಡಂ, ಈಗ ತಾನೇ."

"ಛೆ. ಕೆಲಸದಲ್ಲೇ ಇರಬೇಕಿತ್ತು ನೀವು. ಈಗ ಅವರ ವಕೀಲರು ಸೇಡಿಗೆ ಹೇಳ್ತಿದಾಳೆ ಅಂತಾರೆ."

ಒಂದು ಅಯ್ಯೋ ಇಲ್ಲ, ಪಾಪ ಇಲ್ಲ. ಅಣ್ಣನ ತಂಗಿಯೇ ಸರಿ ಅನ್ನಿಸಿತು, ಅದಕ್ಕೆ ಕೋರ್ಟೂ ಬೇಡ, ಸಾಕ್ಷಿಯೂ ಬೇಡ.

"ಬರ್ತೀನಿ," ಎಂದೆ. "ನಿಮ್ಮ ಮೇಲಿನ ಪ್ರೀತಿಗಲ್ಲ. ನಾನು ಬರೆಯದ ಮಾತಿಗೆ ನಿಮ್ಮಣ್ಣ ನನ್ನ ಸಹಿ ಕೇಳೋಕೆ ಬಂದ್ರಲ್ಲ, ಅದಕ್ಕೆ."

ಆಕೆ ಬ್ಯಾಗಿನಿಂದ ಡೈರಿ ತೆಗೆದರು. "ಸಾಕ್ಷಿಯ ಹೆಸರು ಬರ್ಕೋಬೇಕು. ಹೇಳಿ. ನಿಮ್ಮ ಹೆಸರನ್ನ ಇದುವರೆಗೂ ನಾನು ಕೇಳೇ ಇಲ್ಲ."